ಶೂ ಒಗೆದ ಮೇಲೂ ಸೋಲ್ ಗಟ್ಟಿಯಾಗಿರಬೇಕು: ಎರಡು ಜೋಡಿಯ ಕೆಲಸದ ಟಿಪ್ಪಣಿ

ಈ ಸಲ ಒಗೆಯಲು ಇದ್ದದ್ದು ಎರಡು ಜೋಡಿ. ಒಂದು ಮಗಳ ಬಿಳಿ ಕ್ಯಾನ್ವಾಸ್ ಶೂ. ಶನಿವಾರದ ಪಿಟಿಗೆ ಹಾಕಿಕೊಂಡು ಹೋಗುವಂಥದ್ದು. ಇನ್ನೊಂದು ನನ್ನ ಬೂದು ಬಣ್ಣದ ಓಟದ ಶೂ. ಮೇಲೆ ಜಾಲರಿ ಬಟ್ಟೆ, ಕೆಳಗೆ ಹಗುರವಾದ ಫೋಮ್ ಸೋಲ್. ಮೊದಲನೆಯದನ್ನು ಕೈಯಲ್ಲಿ ಒಗೆದೆ, ಎರಡನೆಯದನ್ನು ಮಷೀನಿಗೆ ಹಾಕಿದೆ. ಯಾವುದನ್ನು ಎಲ್ಲಿ ಒಗೆಯಬೇಕು ಅನ್ನೋದನ್ನು ಕೊಳೆ ನೋಡಿ ತೀರ್ಮಾನಿಸಲಿಲ್ಲ, ಸೋಲ್ ಹೇಗೆ ಅಂಟಿದೆ ಅನ್ನೋದನ್ನು ನೋಡಿ ತೀರ್ಮಾನಿಸಿದೆ. ಅದಕ್ಕೇ ಮೊದಲು ಆ ಮಾತು.

ಸೋಲ್ ಹೇಗೆ ಕೂತಿದೆ?

ಹಳೆ ಮಾದರಿಯ ಕ್ಯಾನ್ವಾಸ್ ಶೂನಲ್ಲಿ ಸುತ್ತಲೂ ಒಂದು ರಬ್ಬರ್ ಪಟ್ಟಿ ಇರುತ್ತದೆ. ಬಟ್ಟೆ ಮತ್ತು ಸೋಲ್ ಸೇರುವ ಜಾಗವನ್ನು ಅದು ಮುಚ್ಚಿಕೊಂಡಿರುತ್ತದೆ. ಇಂಥ ಶೂವನ್ನು ಕಾರ್ಖಾನೆಯಲ್ಲಿ ಹಸಿ ರಬ್ಬರಿನ ಜೊತೆ ಜೋಡಿಸಿ, ಇಡೀ ಶೂವನ್ನೇ ಒತ್ತಡದ ಪಾತ್ರೆಗೆ ಇಟ್ಟು ನೂರು ಡಿಗ್ರಿಗೂ ಮೇಲಿನ ಶಾಖದಲ್ಲಿ ಬೇಯಿಸುತ್ತಾರೆ. ಇದಕ್ಕೆ ವಲ್ಕನೈಸಿಂಗ್ ಅನ್ನುತ್ತಾರೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ವಿದ್ಯೆ ಇದು. ಪಟ್ಟಿ, ಸೋಲ್, ನಡುವಿನ ಅಂಟು ಎಲ್ಲವೂ ಒಟ್ಟಿಗೇ ಬೆಂದು ಗಟ್ಟಿಯಾಗುತ್ತವೆ. ಹಾಗಾಗಿ ಬೆಚ್ಚಗಿನ ನೀರಿಗೆ ಈ ಅಂಟು ಜಗ್ಗುವುದಿಲ್ಲ. ಇದು ಸೋಲುವುದು ಬೇರೆ ಕಡೆ: ಕಾಲು ಬಗ್ಗುವ ಜಾಗದಲ್ಲಿ, ಕಿರುಬೆರಳಿನ ಪಕ್ಕ. ಅಲ್ಲಿ ಪ್ರತಿ ಹೆಜ್ಜೆಗೂ ಪಟ್ಟಿ ಮಡಚಿ ಮಡಚಿ ಬಟ್ಟೆಯಿಂದ ಬಿಡಲು ಶುರುವಾಗುತ್ತದೆ.

ಓಟದ ಶೂ ಹಾಗಲ್ಲ. ಅದರ ಫೋಮ್ ಸಾಮಾನ್ಯವಾಗಿ ಇವಿಎ ಅನ್ನುವ ಪ್ಲಾಸ್ಟಿಕ್ಕಿನದು. ಉಗುರಿನಿಂದ ಒತ್ತಿದರೆ ಗುರುತು ಬಿದ್ದು ನಿಧಾನಕ್ಕೆ ಮೇಲೇಳುತ್ತದೆ. ಇಲ್ಲಿ ಮೇಲಿನ ಬಟ್ಟೆಯನ್ನೂ ಫೋಮನ್ನೂ ಪಾಲಿಯುರಿಥೇನ್ ಅಂಟಿನಿಂದ ಸೇರಿಸಿರುತ್ತಾರೆ. ಎರಡೂ ಕಡೆ ಅಂಟು ಬಳಿದು, ಒಣಗಿಸಿ, ಆಮೇಲೆ ಬಿಸಿ ಕೊಟ್ಟು ಅದನ್ನು ಮತ್ತೆ ಜಿಗುಟು ಮಾಡಿ, ಪ್ರೆಸ್‌ನಲ್ಲಿ ಒತ್ತುತ್ತಾರೆ. ಆ ಬಿಸಿ ಹೆಚ್ಚೂಕಡಿಮೆ 50ರಿಂದ 70 ಡಿಗ್ರಿ. ಈಗ ಯೋಚಿಸಿ. ಅದೇ ಶೂವನ್ನು ಮಷೀನಿನಲ್ಲಿ 60 ಡಿಗ್ರಿಗೆ ಇಟ್ಟರೆ, ಅಥವಾ ಡ್ರೈಯರಿಗೆ ಹಾಕಿದರೆ, ಕಾರ್ಖಾನೆಯ ಅರ್ಧ ಕೆಲಸವನ್ನು ಮನೆಯಲ್ಲಿ ಮತ್ತೆ ಮಾಡಿದ ಹಾಗೆ ಆಯಿತು. ಅಂಟು ಮೆತ್ತಗಾಗುತ್ತದೆ, ಆದರೆ ಒತ್ತಿ ಹಿಡಿಯುವ ಪ್ರೆಸ್ ಇರುವುದಿಲ್ಲ. ಅದೇ ಹೊತ್ತಿಗೆ ಶೂ ಡ್ರಮ್ಮಿನೊಳಗೆ ದಬದಬ ಬೀಳುತ್ತಿರುತ್ತದೆ. ಬೆರಳ ತುದಿಯ ಹತ್ತಿರ ಬಾಯಿ ಬಿಡುವುದು ಹೀಗೆ.

ಮೂರನೇ ತರಹದ್ದೂ ಇದೆ. ಈಗ ಬರುವ ಅಗ್ಗದ ಸ್ಕೂಲ್ ಶೂಗಳಲ್ಲಿ ಕರಗಿದ ಪಿವಿಸಿಯನ್ನು ಅಚ್ಚಿನಲ್ಲಿ ನೇರವಾಗಿ ಬಟ್ಟೆಯ ಮೇಲೇ ಹೊಯ್ದಿರುತ್ತಾರೆ. ಸುತ್ತ ಬೇರೆ ಪಟ್ಟಿ ಇರುವುದಿಲ್ಲ, ಮುಂದೆ ಮತ್ತು ಹಿಮ್ಮಡಿಯಲ್ಲಿ ಅಚ್ಚಿನ ಸಣ್ಣ ಗೆರೆ ಕಾಣುತ್ತದೆ. ಇದರಲ್ಲಿ ಬಿಡಲು ಅಂಟೇ ಇಲ್ಲ. ಒಗೆಯೋದಕ್ಕೆ ಎಲ್ಲಕ್ಕಿಂತ ಸುಲಭ. ನಮ್ಮ ಮನೆಯದು ಪಟ್ಟಿ ಇರುವ ಜಾತಿ.

ನೀರು ಮುಟ್ಟುವ ಮೊದಲು

ಲೇಸ್ ಬಿಚ್ಚಿದೆ. ಒಳಗಿನ ಸೋಲ್ ಎಳೆದು ತೆಗೆದೆ. ಕ್ಯಾನ್ವಾಸ್ ಶೂನಲ್ಲಿ ಅದು ತುದಿಯಲ್ಲಿ ಸ್ವಲ್ಪ ಅಂಟಿಕೊಂಡಿತ್ತು, ಹಿಮ್ಮಡಿಯಿಂದ ನಿಧಾನಕ್ಕೆ ಎತ್ತಿದರೆ ಬರುತ್ತದೆ. ಪೂರ್ತಿ ಅಂಟಿದ್ದರೆ ಮಾತ್ರ ಕೀಳಲು ಹೋಗಬೇಡಿ, ಕೆಳಗಿನ ರಟ್ಟು ಹರಿದು ಬರುತ್ತದೆ. ಆಮೇಲೆ ಎಲ್ಲವನ್ನೂ ಅಡುಗೆಮನೆ ತಕ್ಕಡಿಯ ಮೇಲೆ ಇಟ್ಟು ತೂಕ ಬರೆದುಕೊಂಡೆ. ಕ್ಯಾನ್ವಾಸಿನ ಎಡಗಾಲಿನದು 312 ಗ್ರಾಂ. ಇದೇಕೆ ಅಂತ ಹೆಂಡತಿ ಕೇಳಿದಳು. ಒಣಗಿಸುವಾಗ ಉಪಯೋಗಕ್ಕೆ ಬರುತ್ತದೆ ಅಂದೆ. ತಕ್ಕಡಿ ತೊಳೆದಿಡು ಅಂದಳು, ಅಷ್ಟೆ.

ಮುಂದೆ ಮಣ್ಣು. ಹಸಿ ಮಣ್ಣನ್ನು ಮುಟ್ಟದೆ ಒಣಗಲು ಬಿಟ್ಟು, ಒಣ ಬ್ರಷ್‌ನಲ್ಲಿ ಉಜ್ಜಿದರೆ ಅರ್ಧ ಕೊಳೆ ಪುಡಿಯಾಗಿ ಉದುರುತ್ತದೆ. ಬಿಳಿ ಶೂನಲ್ಲಿ ಇನ್ನೊಂದು ಪದರ ಇರುತ್ತದೆ: ಬಿಳಿ ಪಾಲಿಶ್. ವಾರವಾರವೂ ಕೊಳೆಯ ಮೇಲೇ ಬಳಿದು ಬಳಿದು ಬೆರಳು ಮಡಚುವ ಕಡೆ ಬಿರುಕು ಬಿಟ್ಟಿತ್ತು. ಇದನ್ನು ಹಾಗೇ ನೆನೆಸಿದರೆ ಬಿಳಿ ಕೆಸರಾಗಿ ನೇಯ್ಗೆಯೊಳಗೆ ಇಳಿಯುತ್ತದೆ, ಆಮೇಲೆ ಯಾವ ಬ್ರಷ್ಷಿಗೂ ಬರುವುದಿಲ್ಲ. ಒಣಗಿದ್ದಾಗಲೇ ಶೂವನ್ನು ಮಡಚಿ, ಬಿರುಕಿನ ಮೇಲೆ ಬ್ರಷ್ ಆಡಿಸಿ ಎಷ್ಟು ಉದುರುತ್ತದೋ ಅಷ್ಟನ್ನು ಉದುರಿಸಿದೆ. ಅಂಗಳದಲ್ಲಿ ಕೂತು ಮಾಡುವ ಕೆಲಸ ಇದು, ಒಳಗೆ ಮಾಡಿದರೆ ಮನೆಯೆಲ್ಲ ಪುಡಿ.

ಕೊನೆಗೆ ಅಂಟಿನ ಪರೀಕ್ಷೆ. ಒಂದು ಹಳೆ ವಿಸಿಟಿಂಗ್ ಕಾರ್ಡ್ ತಗೊಂಡು, ಶೂವನ್ನು ನಡೆಯುವಾಗ ಬಗ್ಗುವಂತೆ ಬಗ್ಗಿಸಿ, ಸೇರುವ ಗೆರೆಯ ಉದ್ದಕ್ಕೂ ಕಾರ್ಡಿನ ಅಂಚನ್ನು ಆಡಿಸಿದೆ. ಓಟದ ಶೂನಲ್ಲಿ ಎಲ್ಲೂ ಒಳಗೆ ಹೋಗಲಿಲ್ಲ. ಕ್ಯಾನ್ವಾಸಿನ ಎಡಗಾಲಿನಲ್ಲಿ, ಕಿರುಬೆರಳಿನ ಪಕ್ಕ, ಸುಮಾರು 6 ಸೆಂಟಿಮೀಟರ್ ಉದ್ದಕ್ಕೆ ಕಾರ್ಡ್ ಅರ್ಧ ಸೆಂಟಿಮೀಟರ್ ಒಳಗೆ ಇಳಿಯಿತು. ಎಲ್ಲಿ ಶುರು, ಎಲ್ಲಿ ಕೊನೆ ಅಂತ ಪೆನ್ಸಿಲ್‌ನಿಂದ ಪಟ್ಟಿಯ ಮೇಲೆ ಗುರುತು ಹಾಕಿದೆ. ಹೀಗೆ ಬಾಯಿ ಬಿಟ್ಟಿರುವುದು ಮಷೀನಿಗೆ ಹೋಗಬಾರದು. ಹಾಗಂತ ಮೊದಲೇ ಅಂಟಿಸಿಯೂ ಉಪಯೋಗವಿಲ್ಲ. ಕೊಳೆಯ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಆದ್ದರಿಂದ ಕೈಯಲ್ಲಿ ಒಗೆದು, ಪೂರ್ತಿ ಒಣಗಿಸಿ, ಆಮೇಲೆ ಅಂಟಿಸುವುದು.

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಶೂ ಆದರೆ ಇನ್ನೊಂದನ್ನು ನೋಡಬೇಕು. ಕೆಲವು ಶೂಗಳ ಫೋಮ್ ಇವಿಎ ಆಗಿರುವುದಿಲ್ಲ, ಪಾಲಿಯುರಿಥೇನ್ ಆಗಿರುತ್ತದೆ. ಅದು ಗಾಳಿಯ ತೇವಕ್ಕೇ ವರ್ಷಗಳಲ್ಲಿ ಒಳಗಿಂದ ಕೊಳೆಯುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ. ಜಿಗುಟಾಗಿದ್ದರೆ ಅಥವಾ ಪುಡಿ ಉದುರಿದರೆ ಅದನ್ನು ಒಗೆಯುವುದೂ ದಂಡ, ಅಂಟಿಸುವುದೂ ದಂಡ.

ಕ್ಯಾನ್ವಾಸ್: ಕೈಯಲ್ಲಿ

ಬಕೆಟ್ಟಿಗೆ ಎರಡು ಲೀಟರ್ ಉಗುರುಬೆಚ್ಚಗಿನ ನೀರು, ಅದಕ್ಕೆ ಒಂದು ಟೀ ಚಮಚ ಬಟ್ಟೆ ಒಗೆಯುವ ಲಿಕ್ವಿಡ್. ಇಷ್ಟೇ ಸಾಕು. ಸೋಪಿನ ಬಾರ್ ಯಾಕೆ ಬೇಡ ಅಂದರೆ, ನಮ್ಮಲ್ಲಿ ಸಿಗುವ ಡಿಟರ್ಜೆಂಟ್ ಬಾರ್‌ಗಳಲ್ಲಿ ಸುಣ್ಣಕಲ್ಲಿನ ಪುಡಿ, ಬಿಳಿ ಜೇಡಿಯಂಥ ತುಂಬುವಸ್ತು ಇರುತ್ತದೆ. ಅಂಗಿಯಾದರೆ ಜಾಲಿಸಿದಾಗ ಹೋಗುತ್ತದೆ. ದಪ್ಪ ಕ್ಯಾನ್ವಾಸಿನಲ್ಲಿ ಅದು ಅಲ್ಲೇ ಕೂತುಬಿಡುತ್ತದೆ. ನಮ್ಮದು ಬೋರ್‌ವೆಲ್ ನೀರು ಬೇರೆ, ಗಡಸು. ಡಿಟರ್ಜೆಂಟ್ ಪುಡಿಯೂ ಬೇಡ, ಅದರ ಕ್ಷಾರ ಲಿಕ್ವಿಡ್‌ಗಿಂತ ಜಾಸ್ತಿ.

ರಾತ್ರಿಯೆಲ್ಲ ನೆನೆಸಿಡುವ ಅಭ್ಯಾಸ ಹಲವರಿಗಿದೆ. ಕ್ಯಾನ್ವಾಸ್ ಶೂಗೆ ಅದು ಒಳ್ಳೆಯದಲ್ಲ. ಕಣ್ಣಿಗೆ ಒಂದೇ ಬಟ್ಟೆಯಂತೆ ಕಂಡರೂ ಅನೇಕ ಶೂಗಳಲ್ಲಿ ಅದು ಎರಡು ಪದರ, ನಡುವೆ ಅಂಟು ಹಾಕಿ ಸೇರಿಸಿದ್ದು. ಗಂಟೆಗಟ್ಟಲೆ ನೆನೆದರೆ ಈ ಪದರಗಳು ಬಿಟ್ಟುಕೊಂಡು, ಒಣಗಿದ ಮೇಲೆ ಗುಳ್ಳೆ ಎದ್ದ ಹಾಗೆ ಕಾಣುತ್ತದೆ. ಪಾದದ ಕೆಳಗಿನ ರಟ್ಟು ನೀರು ಕುಡಿದು ಉಬ್ಬುತ್ತದೆ. ಒಂದು ಸಲ ಉಬ್ಬಿದ ರಟ್ಟು ಮತ್ತೆ ಚಪ್ಪಟೆಯಾಗಿ ಕೂರುವುದಿಲ್ಲ, ಒಳಗೆ ದಿಣ್ಣೆ ದಿಣ್ಣೆಯಾಗಿ ಕಾಲಿಗೆ ಒತ್ತುತ್ತದೆ. ನಾನು ಶೂವನ್ನು ನೀರಲ್ಲಿ ಮುಳುಗಿಸಿ ತಕ್ಷಣ ತೆಗೆದೆ. ಮುಳುಗಿಸಲೇಬೇಕು, ಯಾಕೆಂದರೆ ಕೊಳೆ ಇರುವ ಕಡೆ ಮಾತ್ರ ಒದ್ದೆ ಮಾಡಿದರೆ ಒದ್ದೆಯ ಅಂಚು ಎಲ್ಲಿಗೆ ನಿಂತಿತೋ ಅಲ್ಲೊಂದು ಗೆರೆ ಉಳಿಯುತ್ತದೆ. ಇಡೀ ಶೂ ಒಂದೇ ಸಮ ಒದ್ದೆಯಾಗಬೇಕು.

ಬಟ್ಟೆಗೆ ಮೆತ್ತನೆಯ ಬ್ರಷ್, ಪಟ್ಟಿಯ ಪಕ್ಕದ ಗೆರೆಗೆ ಹಳೆ ಟೂತ್‌ಬ್ರಷ್. ಇಲ್ಲಿ ಒಂದು ಸಣ್ಣ ವಿಷಯ ಬಹಳ ಮುಖ್ಯ. ಗೆರೆಯ ಉದ್ದಕ್ಕೆ ಉಜ್ಜಬೇಕು, ಅಡ್ಡಕ್ಕೆ ಉಜ್ಜಬಾರದು. ಅಡ್ಡಕ್ಕೆ ಉಜ್ಜಿದರೆ ಬ್ರಷ್ಷಿನ ಎಳೆಗಳು ಪಟ್ಟಿಯ ಅಂಚಿನ ಕೆಳಗೆ ನುಗ್ಗಿ ಅದನ್ನು ಮೀಟುತ್ತವೆ, ಜೊತೆಗೆ ಮರಳನ್ನೂ ಒಳಗೆ ತಳ್ಳುತ್ತವೆ. ಬಾಯಿ ಬಿಟ್ಟಿದ್ದ ಜಾಗದಲ್ಲಿ ಮಾತ್ರ ಬೇಕಂತಲೇ ಪಟ್ಟಿಯನ್ನು ಸ್ವಲ್ಪ ತೆರೆದು, ಒಳಗಿನ ಮಣ್ಣನ್ನು ಮಗ್ಗಿನಿಂದ ನೀರು ಹೊಯ್ದು ತೊಳೆದೆ. ಕೆಂಪು ಮಣ್ಣಿನ ನೀರು ಬರುತ್ತಲೇ ಇತ್ತು.

ಪಟ್ಟಿಯ ಮೇಲಿನ ಕಪ್ಪು ಗೀರುಗಳಿಗೆ ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಬಿಳಿ ಟೂತ್‌ಪೇಸ್ಟ್. ಅದರಲ್ಲಿ ಇರುವ ನಯವಾದ ಪುಡಿಯೇ ಕೆಲಸ ಮಾಡುವುದು, ಬೇರೇನೂ ಮ್ಯಾಜಿಕ್ ಇಲ್ಲ. ಅಡುಗೆ ಸೋಡಾಗೆ ವಿನೆಗರ್ ಹಾಕಿ ನೊರೆ ಬರಿಸುವ ವಿಡಿಯೋಗಳು ತುಂಬಾ ಇವೆ. ನೊರೆ ನೋಡೋಕೆ ಚೆನ್ನಾಗಿರುತ್ತದೆ. ಆದರೆ ಎರಡೂ ಒಂದನ್ನೊಂದು ಕಳೆದುಕೊಂಡು ಕೊನೆಗೆ ಉಳಿಯುವುದು ಉಪ್ಪುನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಕೆಲಸ ಇದೆ.

ಬ್ಲೀಚ್ ಬಾಟಲಿಯನ್ನು ನಾನು ಹತ್ತಿರ ತರಲಿಲ್ಲ. ಸೋಡಿಯಂ ಹೈಪೋಕ್ಲೋರೈಟ್ ಹತ್ತಿಯ ಎಳೆಯನ್ನು ಸವೆಸುತ್ತದೆ, ರಬ್ಬರಿನ ಮೇಲ್ಮೈಯನ್ನು ಕೆಡಿಸುತ್ತದೆ. ಬೆಳ್ಳಗಾಗಲಿ ಅಂತ ಹಾಕಿದರೆ ಅಂಟು ಮತ್ತು ಹೊಲಿಗೆ ಇರುವ ಕಡೆ ಹಳದಿ ಬರುವುದೇ ಹೆಚ್ಚು. ಬಿಳುಪು ಬೇಕೇ ಬೇಕು ಅಂದರೆ ಆಕ್ಸಿಜನ್ ಬ್ಲೀಚ್ ಪುಡಿ ಸಿಗುತ್ತದೆ. ಅದನ್ನು ಪ್ಯಾಕೆಟ್ಟಿನಲ್ಲಿ ಹೇಳಿದ ಅಳತೆಯಲ್ಲಿ ಬೆಚ್ಚಗಿನ ನೀರಿಗೆ ಕಲಸಿ, ಬಟ್ಟೆಯ ಮೇಲೆ ಬಳಿದು, ಹದಿನೈದು ಇಪ್ಪತ್ತು ನಿಮಿಷಕ್ಕೆ ತೊಳೆದರೆ ಬಿಳಿ ಹತ್ತಿಗೆ ಸಾಕಾಗುತ್ತದೆ.

ಆ ಹಳದಿ ಅಂಚು ಎಲ್ಲಿಂದ ಬರುತ್ತದೆ

ಒಗೆದಾಗ ಬೆಳ್ಳಗಿದ್ದ ಶೂ ಒಣಗಿದ ಮೇಲೆ ಪಟ್ಟಿಯ ಮೇಲ್ಭಾಗದಲ್ಲಿ, ಹೊಲಿಗೆಯ ಪಕ್ಕದಲ್ಲಿ ಹಳದಿ ಆಗುತ್ತದೆ. ಎಲ್ಲರೂ ಬೈಯುವುದು ಸೋಪನ್ನು. ಸ್ವಲ್ಪ ಮಟ್ಟಿಗೆ ಅದು ಸರಿ. ದಪ್ಪ ಬಟ್ಟೆಯಲ್ಲಿ ಮತ್ತು ಪಟ್ಟಿಯ ಹಿಂದೆ ಸೋಪು, ಕರಗಿದ ಕೊಳೆ, ಅಂಟಿನಿಂದ ಬಿಟ್ಟ ಬಣ್ಣ ಎಲ್ಲ ನೀರಿನ ಜೊತೆ ಇರುತ್ತವೆ. ನೀರು ಆವಿಯಾಗುವುದು ಹೊರಮೈಯಿಂದ, ಅದರಲ್ಲೂ ಅಂಚುಗಳಿಂದ ಬೇಗ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಬಟ್ಟೆ ಒಳಗಿನ ನೀರನ್ನು ಅಲ್ಲಿಗೆ ಎಳೆಯುತ್ತದೆ. ನೀರು ಹೋಗುತ್ತದೆ, ಅದರಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ. ಬಿಸಿಲಿಗೆ ಇಟ್ಟರೆ ಇದು ಇನ್ನೂ ಬೇಗ ನಡೆಯುತ್ತದೆ, ಉಳಿದ ಸೋಪಿನ ಮೇಲೆ ಬಿಸಿಲು ಬಿದ್ದು ಬಣ್ಣವೂ ಗಾಢವಾಗುತ್ತದೆ.

ಹಾಗಾಗಿ ಒಗೆಯುವುದಕ್ಕಿಂತ ಜಾಲಿಸುವುದಕ್ಕೇ ನಾನು ಹೆಚ್ಚು ನೀರು ಬಳಸುತ್ತೇನೆ. ನೀರು ತಿಳಿಯಾಗುವುದು ಸಾಲದು. ಬೆರಳಿಂದ ಬಟ್ಟೆಯನ್ನು ಉಜ್ಜಿದಾಗ ಜಾರಬಾರದು, ನಾಲಿಗೆಯ ಮೆತ್ತೆಯನ್ನು ಹಿಂಡಿದರೆ ನೊರೆ ಬರಬಾರದು. ನೊರೆ ಕೊನೆಯವರೆಗೂ ಅಡಗಿ ಕೂರುವುದು ಆ ನಾಲಿಗೆಯಲ್ಲಿ ಮತ್ತು ಹಿಮ್ಮಡಿಯ ಕುಶನ್ನಿನಲ್ಲಿ. ಅದು ಹೋದ ಮೇಲೆ ಎರಡು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿ, ಐದು ನಿಮಿಷ ಅದರಲ್ಲಿ ಆಡಿಸಿದೆ. ಉಳಿದ ಕ್ಷಾರವನ್ನು ಇದು ಕಳೆಯುತ್ತದೆ. ಮತ್ತೊಮ್ಮೆ ಬರೀ ನೀರು. ಶೂಗೆ ನೀರಿನ ಕೆಲಸ ಒಟ್ಟು ಅರ್ಧ ಗಂಟೆಯೊಳಗೆ ಮುಗಿಯಿತು.

ನೀಲಿ ಹಾಕುವವರು ಇದೇ ಹಂತದಲ್ಲಿ ಹಾಕಬೇಕು, ನೀರಿಗೆ ಮೊದಲೇ ಚೆನ್ನಾಗಿ ಕಲಸಿ. ಶೂ ಮೇಲೆ ನೇರವಾಗಿ ತೊಟ್ಟಿಕ್ಕಿದರೆ ನೀಲಿ ಚುಕ್ಕೆ ಗ್ಯಾರಂಟಿ. ನಾನು ಹಾಕಲಿಲ್ಲ.

ಹಿಂಡುವ ಮಾತೇ ಇಲ್ಲ. ಒಗೆಯುವ ಕಲ್ಲಿಗೆ ಬಡಿಯುವ ಮಾತಂತೂ ಇಲ್ಲವೇ ಇಲ್ಲ. ಹಳೆ ಟವೆಲಿನಲ್ಲಿ ಸುತ್ತಿ ಎರಡೂ ಕೈಯಿಂದ ಒತ್ತಿದೆ. ಆಮೇಲೆ ಬಿಳಿ ಟಿಶ್ಯೂ ಪೇಪರನ್ನು ಒದ್ದೆ ಕ್ಯಾನ್ವಾಸಿಗೆ ಪೂರ್ತಿ ಅಂಟುವ ಹಾಗೆ ಎರಡು ಪದರ ಸುತ್ತಿದೆ. ಗಾಳಿಯ ಗುಳ್ಳೆ ಉಳಿಯದಂತೆ ಬೆರಳಿಂದ ತಟ್ಟಿ ಕೂರಿಸಬೇಕು. ಈಗ ನೀರು ಆವಿಯಾಗುವುದು ಪೇಪರಿನ ಮೇಲಿಂದ, ಕೊಳೆ ಬಂದು ನಿಲ್ಲುವುದೂ ಪೇಪರಿನಲ್ಲೇ. ಮರುದಿನ ಬಿಚ್ಚಿದಾಗ ಪಟ್ಟಿಯ ಉದ್ದಕ್ಕೂ, ಲೇಸಿನ ತೂತುಗಳ ಸುತ್ತ, ಪೇಪರ್ ತಿಳಿ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು. ಕೆಳಗಿನ ಬಟ್ಟೆ ಬಿಳಿ. ಅವಸರಪಟ್ಟು ಅರ್ಧ ಒದ್ದೆ ಇರುವಾಗ ಪೇಪರ್ ಬಿಚ್ಚಿದರೆ ಮಿಕ್ಕ ಕೊಳೆ ಬಟ್ಟೆಗೇ ಬರುತ್ತದೆ. ಒಳಗೂ ಬಿಳಿ ಪೇಪರ್ ಅಥವಾ ಹಳೆ ಪಂಚೆಯ ತುಂಡನ್ನೇ ತುರುಕಬೇಕು. ನ್ಯೂಸ್‌ಪೇಪರ್ ನೀರು ಚೆನ್ನಾಗಿ ಹೀರುತ್ತದೆ ನಿಜ, ಆದರೆ ಬಿಳಿ ಶೂಗೆ ಶಾಯಿ ಹತ್ತುತ್ತದೆ.

ಓಟದ ಶೂ: ಮಷೀನಿನಲ್ಲಿ

ನಮ್ಮದು ಮುಂದೆ ಬಾಗಿಲಿರುವ ಮಷೀನ್. ಸೋಲಿನ ಸಂದುಗಳಲ್ಲಿ ಸಿಕ್ಕಿದ್ದ ಜಲ್ಲಿಯನ್ನು ಹಲ್ಲುಕಡ್ಡಿಯಿಂದ ಒಂದೊಂದಾಗಿ ತೆಗೆದೆ. ಬಿಟ್ಟರೆ ಅದು ಹೋಗಿ ಪಂಪಿನ ಫಿಲ್ಟರ್‌ನಲ್ಲಿ ಕೂರುತ್ತದೆ. ಎರಡೂ ಶೂವನ್ನು ಜಿಪ್ ಇರುವ ಬಲೆ ಚೀಲಕ್ಕೆ ಬೇರೆ ಬೇರೆಯಾಗಿ ಹಾಕಿ, ಜೊತೆಗೆ ಎರಡು ಹಳೆ ಸ್ನಾನದ ಟವೆಲ್ ಹಾಕಿದೆ. ಚೀಲ ಇಲ್ಲದಿದ್ದರೆ ದಿಂಬಿನ ಕವರ್ ಸಾಕು, ಬಾಯಿ ಕಟ್ಟಿದರೆ ಆಯಿತು. ಟವೆಲ್ ಇಲ್ಲದೆ ಹಾಕಿದರೆ ಶೂ ಬೀಳುವ ಸದ್ದು ಪಕ್ಕದ ಮನೆಗೂ ಕೇಳುತ್ತದೆ, ಆ ಏಟು ಪ್ರತಿ ಸಲವೂ ಸೋಲಿನ ಅಂಚಿಗೇ ಬೀಳುತ್ತದೆ.

ಒಳಗಿನ ಸೋಲ್ ಹಾಕಲಿಲ್ಲ. ಅದರ ಮೇಲಿನ ಬಟ್ಟೆ ಮತ್ತು ಫೋಮ್ ನಡುವಿನ ಅಂಟು ಬಹಳ ತೆಳು. ಅದನ್ನು ಬಚ್ಚಲಲ್ಲಿ ಸೋಪಿನ ನೀರು ಹಾಕಿ ಬ್ರಷ್ ಮಾಡಿ, ಟವೆಲಿನ ನಡುವೆ ಇಟ್ಟು ಒತ್ತಿದ್ದಾಯಿತು. ವಾಸನೆಯ ಮುಕ್ಕಾಲು ಪಾಲು ಇರುವುದೇ ಇದರಲ್ಲಿ.

ಲಿಕ್ವಿಡ್ ಮಾಮೂಲಿಯ ಮೂರರಲ್ಲಿ ಒಂದು ಭಾಗ. ಸಾಫ್ಟ್‌ನರ್ ಬೇಡ. ನಾಜೂಕು ಬಟ್ಟೆಯ ಪ್ರೋಗ್ರಾಂ, ತಣ್ಣೀರು. ತಣ್ಣೀರಿನ ಆಯ್ಕೆ ಇಲ್ಲದ ಮಷೀನಿನಲ್ಲಿ 30 ಡಿಗ್ರಿ ಇಡಬಹುದು, ಅಂಟು ಮೆತ್ತಗಾಗುವ ಬಿಸಿಗೆ ಅದು ದೂರವೇ ಇದೆ. ಒಂದು ಸಲ ಹೆಚ್ಚುವರಿ ಜಾಲಿಸುವ ಬಟನ್ ಒತ್ತಿದೆ.

ಇನ್ನು ಸ್ಪಿನ್. ಇದನ್ನು ಲೆಕ್ಕ ಹಾಕಿಯೇ ನೋಡೋಣ. ಡ್ರಮ್ಮಿನ ಅಡ್ಡಳತೆ ಸುಮಾರು 48 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 400 ಸುತ್ತು ತಿರುಗುವಾಗ ಒಳಗಿರುವ ವಸ್ತು ಡ್ರಮ್ಮಿನ ಗೋಡೆಗೆ ತನ್ನ ತೂಕದ ಸುಮಾರು 43 ಪಟ್ಟು ಬಲದಿಂದ ಒತ್ತಿಕೊಳ್ಳುತ್ತದೆ. ಒದ್ದೆ ಶೂ 400 ಗ್ರಾಂ ಇದ್ದರೆ, 17 ಕಿಲೋ ಭಾರ ಹೇರಿದ ಹಾಗೆ. ಅದೇ 1000 ಸುತ್ತಿಗೆ ಹೋದರೆ 268 ಪಟ್ಟು, ಅಂದರೆ 107 ಕಿಲೋ. ವೇಗ ಎರಡೂವರೆ ಪಟ್ಟು ಹೆಚ್ಚಾದರೆ ಬಲ ಆರು ಪಟ್ಟಿಗೂ ಜಾಸ್ತಿ ಆಗುತ್ತದೆ. ಆ ಒತ್ತಡದಲ್ಲಿ ಶೂ ಅಡ್ಡಕ್ಕೆ ಬಿದ್ದಿದ್ದರೆ ಸೋಲಿನ ಒಂದು ಅಂಚು ಗೋಡೆಗೆ ಒತ್ತಿ, ಇನ್ನೊಂದು ಅಂಚಿನ ಅಂಟು ಸೀಳುವ ಕಡೆಗೆ ಎಳೆಯಲ್ಪಡುತ್ತದೆ. ಹಿಮ್ಮಡಿಯ ಗಟ್ಟಿ ಭಾಗ ಮಡಚಿದ ಗುರುತು ಶಾಶ್ವತವಾಗಿ ಉಳಿಯಬಹುದು. ನಾನು 400ಕ್ಕೆ ಇಟ್ಟೆ. ಸ್ಪಿನ್ ಪೂರ್ತಿ ಆಫ್ ಮಾಡಿದರೂ ನಡೆಯುತ್ತದೆ, ಒಣಗಲು ಜಾಸ್ತಿ ಹೊತ್ತು ಬೇಕು ಅಷ್ಟೆ. ರಬ್ಬರ್ ಸೋಲಿನ ಕ್ಯಾನ್ವಾಸ್ ಶೂ ಇನ್ನೂ ಭಾರ ಇರುವುದರಿಂದ, ಅದನ್ನು ಮಷೀನಿಗೆ ಹಾಕುವವರು ಸ್ಪಿನ್ ಬಿಟ್ಟುಬಿಡುವುದೇ ವಾಸಿ.

ಸೆಮಿ ಆಟೋಮ್ಯಾಟಿಕ್ ಮಷೀನ್ ಇರುವವರು ಒಗೆಯುವ ತೊಟ್ಟಿಯಲ್ಲಿ ಟವೆಲ್ ಜೊತೆ ಮೂರ್ನಾಲ್ಕು ನಿಮಿಷ ತಿರುಗಿಸಬಹುದು. ಪಕ್ಕದ ಹಿಂಡುವ ತೊಟ್ಟಿಗೆ ಮಾತ್ರ ಹಾಕಬೇಡಿ. ಅದು ಚಿಕ್ಕದು, ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಎರಡು ಶೂ ತೂಕ ಸಮ ಆಗದೆ ಇಡೀ ಮಷೀನ್ ಕುಣಿಯಲು ಶುರು ಮಾಡುತ್ತದೆ.

ಮುಗಿದ ಮೇಲೆ ಶೂ ಹೊರಗೆ ತೆಗೆದು ಮತ್ತೆ ಕಾರ್ಡ್ ಆಡಿಸಿದೆ. ಎಲ್ಲೂ ಒಳಗೆ ಹೋಗಲಿಲ್ಲ. ಬೆರಳ ಭಾಗದ ಜಾಲರಿಯಲ್ಲಿ ಹಸಿರು ಹುಲ್ಲಿನ ಕಲೆ ಹಾಗೇ ಇತ್ತು. ಅದು ತಣ್ಣೀರಿಗೆ ಹೋಗುವಂಥದ್ದಲ್ಲ. ಬಿಸಿನೀರಿನ ಆಸೆಗೆ ನಾನು ಬೀಳಲಿಲ್ಲ. ಮಷೀನಿನ ಬಾಗಿಲ ರಬ್ಬರಿನ ಮಡಿಕೆಯಲ್ಲಿ ಒಂದು ಹಿಡಿ ಮರಳು ಸಿಕ್ಕಿತು. ಅದನ್ನು ಒರೆಸಿ, ಫಿಲ್ಟರ್ ತೆಗೆದು ತೊಳೆದೆ.

ಒಣಗಿಸುವುದು

ಎರಡೂ ಜೋಡಿಯನ್ನು ಹಜಾರದಲ್ಲಿ ಫ್ಯಾನ್ ಕೆಳಗೆ, ಪಾತ್ರೆ ಒಣಗಿಸುವ ತಂತಿ ಸ್ಟ್ಯಾಂಡ್ ಮೇಲೆ ಇಟ್ಟೆ. ಕೆಳಗಿನಿಂದಲೂ ಗಾಳಿ ಆಡಬೇಕು. ತುರುಕಿದ ಪೇಪರನ್ನು ಒಂದು ಗಂಟೆಯ ಮೇಲೆ ಬದಲಿಸಬೇಕು, ಮೊದಲ ಸಲವೇ ಅದು ಅತಿ ಹೆಚ್ಚು ನೀರು ಎಳೆದುಕೊಳ್ಳುತ್ತದೆ.

ಬಿಸಿಲಿಗೆ ಇಟ್ಟರೆ ಏನು ಅಂತ ಕೇಳುವವರಿಗೆ: ಏಪ್ರಿಲ್ ಮಧ್ಯಾಹ್ನ ತಾರಸಿಯ ಸಿಮೆಂಟಿನ ಮೇಲೆ ಬರಿಗಾಲು ಇಟ್ಟು ನೋಡಿ. ಆ ನೆಲದ ಮೇಲಿರುವ ಕಪ್ಪು ಸೋಲು ಅಂಟು ಮೆತ್ತಗಾಗುವ ಬಿಸಿಗೆ ಸುಲಭವಾಗಿ ಹೋಗುತ್ತದೆ. ಬಾಗಿಲು ಮುಚ್ಚಿದ ಕಾರಿನಲ್ಲೂ ಅದೇ ಕಥೆ. ಎದುರುಮನೆಯ ಹುಡುಗನೊಬ್ಬ ಬೆಳಿಗ್ಗೆ ಕಾಲೇಜಿಗೆ ಬೇಕು ಅಂತ ಒದ್ದೆ ಶೂನ ಮುಂಭಾಗಕ್ಕೆ ಹೇರ್ ಡ್ರೈಯರ್ ಹಿಡಿದಿದ್ದ. ಆಮೇಲೆ ನನ್ನ ಹತ್ತಿರ ತಂದು, "ಅಂಕಲ್, ಇದನ್ನ ಅಂಟಿಸೋಕಾಗುತ್ತಾ?" ಅಂದ. ಬೆರಳ ತುದಿ ಮೇಲಕ್ಕೆ ಎದ್ದಿತ್ತು, ಫೋಮಿನ ಅಂಚು ಬಟ್ಟೆಯಿಂದ ಎರಡು ಮಿಲಿಮೀಟರಿನಷ್ಟು ಒಳಗೆ ಸರಿದಿತ್ತು. ಬರೀ ಅಂಟು ಬಿಟ್ಟಿದ್ದರೆ ಅಂಟಿಸಬಹುದಿತ್ತು. ಇವಿಎ ಬಿಸಿಗೆ ಕುಗ್ಗುತ್ತದೆ. ಕುಗ್ಗಿದ ಸೋಲು ಮೊದಲಿನ ಅಳತೆಗೆ ಬರುವುದಿಲ್ಲ, ಎಷ್ಟು ಅಂಟು ಹಾಕಿದರೂ ಎಳೆದು ಬಿಡುತ್ತದೆ. ಆಗಲ್ಲ ಕಣೋ ಅಂತ ಹೇಳಿ ಕಳಿಸಬೇಕಾಯಿತು.

ಒಣಗಿತು ಅಂತ ಹೇಗೆ ಗೊತ್ತಾಗುತ್ತದೆ? ಮುಟ್ಟಿ ನೋಡಿದರೆ ಮೋಸ ಹೋಗುತ್ತೀರಿ. ಹೊರಗಿನ ಬಟ್ಟೆ ಒಣಗಿ ಎಷ್ಟೋ ಹೊತ್ತಾದ ಮೇಲೂ ಪಾದದ ಕೆಳಗಿನ ರಟ್ಟು ಮತ್ತು ಪಟ್ಟಿಯ ಹಿಂಬದಿ ಒದ್ದೆಯಾಗೇ ಇರುತ್ತದೆ. ತೂಕ ಬರೆದುಕೊಂಡಿದ್ದು ಇದಕ್ಕೇ. ಎಡಗಾಲಿನ ಕ್ಯಾನ್ವಾಸ್ ಟವೆಲಿನಲ್ಲಿ ಒತ್ತಿದ ಮೇಲೆ 441 ಗ್ರಾಂ ಇತ್ತು. ಮರುದಿನ ಬೆಳಿಗ್ಗೆ 338. ಕೈಗೆ ಪೂರ್ತಿ ಒಣಗಿದಂತೆ ಅನ್ನಿಸಿತು, ಆದರೂ ಒಳಗೆ ಎರಡು ದೊಡ್ಡ ಚಮಚದಷ್ಟು ನೀರು ಇದ್ದೇ ಇತ್ತು. ಸಂಜೆ 316, ಅದರ ಮರುದಿನ 308ಕ್ಕೆ ಬಂದು ನಿಂತಿತು. ಮೊದಲಿನ 312ಕ್ಕಿಂತ ಕಡಿಮೆ ಯಾಕೆ ಅಂದರೆ ಪಾಲಿಶ್ ಮತ್ತು ಮಣ್ಣು ಹೋಗಿದೆ. ತೂಕ ಇಳಿಯುವುದು ನಿಂತಿತು ಅಂದರೆ ಒಣಗಿತು ಅಂತ ಅರ್ಥ. ಓಟದ ಶೂನಲ್ಲಿ ನೀರು ಹಿಡಿಯುವ ರಟ್ಟು ಇಲ್ಲ, ಅದು ಒಂದು ರಾತ್ರಿಯಲ್ಲೇ ಒಣಗಿತು. ಮಳೆಗಾಲದಲ್ಲಿ ಕ್ಯಾನ್ವಾಸಿಗೆ ಇನ್ನೂ ಒಂದು ದಿನ ಸೇರಿಸಿಕೊಳ್ಳಿ. ಶುಕ್ರವಾರ ಸಂಜೆ ಒಗೆದು ಶನಿವಾರ ಹಾಕಿಕೊಳ್ಳುವ ಪದ್ಧತಿಯಿಂದ ಪಟ್ಟಿ ಬೇಗ ಬಿಡುವುದು ಇದಕ್ಕೇ. ಒದ್ದೆ ಬಟ್ಟೆ, ಒದ್ದೆ ರಟ್ಟು, ಅದರ ಮೇಲೆ ಮೈದಾನದಲ್ಲಿ ಓಟ.

ಪಟ್ಟಿ ಅಂಟಿಸಿದ್ದು

ಪೆನ್ಸಿಲ್ ಗುರುತಿನ ನಡುವಿನ ಪಟ್ಟಿಯನ್ನು ಐಸ್‌ಕ್ರೀಮ್ ಕಡ್ಡಿ ಅಡ್ಡ ಇಟ್ಟು ತೆರೆದೆ. ಒಳಗಿನ ರಬ್ಬರಿಗೆ 120 ನಂಬರಿನ ಉಪ್ಪುಕಾಗದದ ಸಣ್ಣ ತುಂಡನ್ನು ಮಡಚಿ ಉಜ್ಜಿದೆ. ಹೊಳಪು ಹೋಗಿ ಒರಟಾದರೆ ಸಾಕು. ಬಟ್ಟೆಯ ಕಡೆ ಉಳಿದಿದ್ದ ಹಳೆ ಅಂಟಿನ ಪುಡಿಯನ್ನು ಒಣ ಟೂತ್‌ಬ್ರಷ್‌ನಿಂದ ತೆಗೆದೆ.

ಅಂಟು ಯಾವುದು ಅನ್ನೋದು ಇಲ್ಲಿ ಮುಖ್ಯ. ಫೆವಿಕ್ವಿಕ್ ತರಹದ್ದು ಕ್ಷಣದಲ್ಲಿ ಹಿಡಿಯುತ್ತದೆ, ಆದರೆ ಒಣಗಿದ ಮೇಲೆ ಗಾಜಿನಷ್ಟು ಬಿರುಸು. ದಿನವಿಡೀ ಬಗ್ಗುವ ಜಾಗದಲ್ಲಿ ಅದು ಒಡೆಯುತ್ತದೆ, ಬಟ್ಟೆಯನ್ನೂ ಗಟ್ಟಿ ಮಾಡಿ ಅಲ್ಲೇ ಬಿರುಕು ಬಿಡಿಸುತ್ತದೆ. ರಿಪೇರಿಯವರು ಡಬ್ಬಿಯಲ್ಲಿ ಇಟ್ಟುಕೊಂಡಿರುವುದು ಸಿಂಥೆಟಿಕ್ ರಬ್ಬರ್ ಅಂಟು, ಫೆವಿಕಾಲ್ ಎಸ್ಆರ್ 998 ಜಾತಿಯದ್ದು. ಒಣಗಿದ ಮೇಲೂ ಬಳುಕುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಕ್ಕ ಟ್ಯೂಬ್, ಡಬ್ಬಿ ಎರಡೂ ಸಿಗುತ್ತವೆ. ಕಿಟಕಿ ತೆರೆದು ಕೂರಿ. ಅದರ ಹಬೆಗೆ ಬೇಗ ಬೆಂಕಿ ಹತ್ತುತ್ತದೆ, ಒಲೆ ಇರುವ ಕೋಣೆಯಲ್ಲಿ ಬೇಡ.

ಹಲ್ಲುಕಡ್ಡಿಯಿಂದ ರಬ್ಬರಿಗೂ ಬಟ್ಟೆಗೂ ತೆಳ್ಳಗೆ ಬಳಿದೆ. ಬಟ್ಟೆ ಅಂಟನ್ನು ಕುಡಿದುಬಿಡುತ್ತದೆ, ಹಾಗಾಗಿ ಅದಕ್ಕೆ ಸ್ವಲ್ಪ ಹೊತ್ತು ಬಿಟ್ಟು ಎರಡನೇ ಸಲ. ಈಗ ತಕ್ಷಣ ಒತ್ತಬಾರದು. ಹತ್ತು ಹದಿನೈದು ನಿಮಿಷ ತೆರೆದೇ ಬಿಟ್ಟೆ. ಬೆರಳಿನ ಗಿಣ್ಣು ಮುಟ್ಟಿಸಿದರೆ ಜಿಗುಟು ಅನ್ನಿಸಬೇಕು, ಆದರೆ ಗಿಣ್ಣಿಗೆ ಅಂಟು ಹತ್ತಬಾರದು. ಹಸಿಯಾಗಿರುವಾಗಲೇ ಮುಚ್ಚಿದರೆ ಒಳಗಿನ ದ್ರಾವಕ ಹೊರಹೋಗದೆ ದಿನಗಟ್ಟಲೆ ಮೆತ್ತಗೇ ಇರುತ್ತದೆ. ಹದ ಬಂದ ಮೇಲೆ ಮಧ್ಯದಿಂದ ಎರಡೂ ತುದಿಗೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿದೆ. ಮೊದಲ ಸಲ ಮುಟ್ಟಿದಲ್ಲೇ ಕಚ್ಚುತ್ತದೆ, ಸರಿಸಿ ಕೂರಿಸಲು ಅವಕಾಶ ಇರುವುದಿಲ್ಲ. ಹೊರಗೆ ಉಕ್ಕಿದ್ದನ್ನು ಬೆರಳಿನಿಂದ ಉಜ್ಜಿದರೆ ಉಂಡೆಯಾಗಿ ಬರುತ್ತದೆ. ಶೂ ಒಳಗೆ ಬಟ್ಟೆ ತುರುಕಿ ಆಕಾರ ಕೊಟ್ಟು, ಹೊರಗೆ ಹಳೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿದ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಒಂದು ದಿನ ಬಿಟ್ಟೆ.

ಫೋಮ್ ಸೋಲಿನ ಶೂ ಬಾಯಿ ಬಿಟ್ಟಿದ್ದರೆ ಈ ಅಂಟು ಇಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಇವಿಎಗೆ ಮೊದಲು ಪ್ರೈಮರ್ ಬಳಿದು ಪಾಲಿಯುರಿಥೇನ್ ಅಂಟು ಹಾಕಬೇಕು, ಅದು ಇರುವವರ ಹತ್ತಿರ ಕೊಡುವುದೇ ಸರಿ.

ಟ್ಯೂಬ್ ಬಿಚ್ಚಿ, ಶೂ ಬಗ್ಗಿಸಿ, ಕಾರ್ಡ್ ಆಡಿಸಿದೆ. ಆರು ಸೆಂಟಿಮೀಟರಿನಲ್ಲಿ ಎಲ್ಲೂ ತೂರಲಿಲ್ಲ. ಮಗಳಿಗೆ ಶೂ ಬಿಳಿ ಅನ್ನಿಸಲಿಲ್ಲ, ಪಾಲಿಶ್ ಬೇಕೇ ಬೇಕು ಅಂದಳು. ಸ್ಪಾಂಜಿನಲ್ಲಿ ಒಂದೇ ಕೈ ತೆಳ್ಳಗೆ ಹಾಕಿಕೊಟ್ಟೆ, ಪಟ್ಟಿ ಸೇರುವ ಗೆರೆಯಿಂದ ಒಂದು ಬೆರಳು ದೂರಕ್ಕೇ ನಿಲ್ಲಿಸಿ. ಲೇಸ್ ಮಾತ್ರ ಹೊಸದು ತಂದೆವು. ಹತ್ತು ರೂಪಾಯಿಯ ಲೇಸನ್ನು ಬ್ರಷ್ ಹಿಡಿದು ಉಜ್ಜುತ್ತಾ ಕೂರುವ ತಾಳ್ಮೆ ಇಬ್ಬರಿಗೂ ಇರಲಿಲ್ಲ.